ಹೆಸರು ಹೇಳದೆ ಹೋಲಿಸಿದರೆ ತಕರಾರು ಬರುವುದಿಲ್ಲವೇ?

ಪ್ರಶ್ನೆ: ಸಾಗರದ ಹತ್ತಿರ ಅಡಿಕೆ ಹಾಳೆ ತಟ್ಟೆ ಮಾಡುತ್ತೇವೆ. ಎಫ್‌ಎಂ ಜಾಹೀರಾತಿನಲ್ಲಿ ಪೇಪರ್ ಪ್ಲೇಟಿಗೆ ಹೋಲಿಸಬೇಕು. ಯಾವ ಕಂಪನಿಯ ಹೆಸರೂ ಎತ್ತುವುದಿಲ್ಲ. ಸಾಕಲ್ಲವೇ?

ಸಾಲದು. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ, ಆದ್ದರಿಂದ ಈ ಸಲ ಬಿಡಿಸಿ ಹೇಳುತ್ತೇನೆ. ಹೋಲಿಕೆಗೆ ನಮ್ಮಲ್ಲಿ ಅಡ್ಡಿಯಿಲ್ಲ. ನಿಜವಾದ, ಸಾಬೀತು ಮಾಡಬಲ್ಲ ಹೋಲಿಕೆಯಾದರೆ ಜಾಹೀರಾತು ಮಾನದಂಡ ಮಂಡಳಿಯ ಸಂಹಿತೆಯೇ ಒಪ್ಪುತ್ತದೆ. ಒಪ್ಪದಿರುವುದು ಹೀಗಳೆಯುವುದನ್ನು. ಹೀಗಳೆಯಲು ಹೆಸರು ಬೇಕಾಗಿಲ್ಲ.

2004ರಲ್ಲಿ ದೆಹಲಿ ಹೈಕೋರ್ಟಿಗೆ ಬಂದ ಡಾಬರ್–ಕೋಲ್ಗೇಟ್ ವ್ಯಾಜ್ಯ ನೋಡಿ. ಕೋಲ್ಗೇಟಿನ ಟಿವಿ ಜಾಹೀರಾತಿನಲ್ಲಿ ಕೆಂಪು ಹಲ್ಲುಪುಡಿಯನ್ನು ಕನ್ನಡಕದ ಗಾಜಿಗೆ ತಿಕ್ಕಿ, ಗೀರು ಬೀಳುತ್ತದೆಂದು ತೋರಿಸಿದ್ದರು. ಅಂಥ ಕೆಂಪು ಪುಡಿ ಮಾರುವ ಡಾಬರ್‌ನ ಹೆಸರೇ ಅದರಲ್ಲಿರಲಿಲ್ಲ. ಆದರೂ ಕೋರ್ಟು ಜಾಹೀರಾತನ್ನು ತಡೆಯಿತು. ಇಡೀ ವರ್ಗದ ಸರಕನ್ನು ಹಳಿದರೆ ಆ ವರ್ಗದಲ್ಲಿರುವ ಪ್ರತಿಯೊಬ್ಬ ತಯಾರಕನಿಗೂ ಪೆಟ್ಟು ಬೀಳುತ್ತದೆ. ಅವರಲ್ಲಿ ಯಾರು ಬೇಕಾದರೂ ದಾವೆ ಹೂಡಬಹುದು. ಅಂದರೆ ಹೆಸರು ಬಿಟ್ಟಾಗ ಎದುರಾಳಿ ಮಾಯವಾಗುವುದಿಲ್ಲ, ಒಬ್ಬನಿದ್ದಲ್ಲಿ ಹತ್ತು ಜನ ಆಗುತ್ತಾರೆ.

ಈಗ ನಿಮ್ಮ ತಟ್ಟೆಗೆ ಬರೋಣ. "ಪೇಪರ್ ಪ್ಲೇಟಿನಲ್ಲಿ ಉಂಡರೆ ವಿಷ ಉಂಡಂತೆ" ಎಂದು ಬರೆದರೆ ಅದಕ್ಕೆ ನಿಮ್ಮ ಹತ್ತಿರ ಪುರಾವೆಯಿಲ್ಲ. ಅದನ್ನು ತೆಗೆಯಿರಿ. "ಪೇಪರ್ ಪ್ಲೇಟ್ ಸಾರಿಗೆ ಮೆತ್ತಗಾಗುತ್ತದೆ" ಎಂದರೂ ತಪ್ಪು, ಏಕೆಂದರೆ ಒಳಗೆ ಲೇಪನವಿರುವ ಪ್ಲೇಟು ಹಾಗೆ ಮೆತ್ತಗಾಗುವುದಿಲ್ಲ. ಯಾವ ಬಗೆ ಎಂದು ಕಿರಿದು ಮಾಡಿ: "ಲೇಪನವಿಲ್ಲದ ಸಾದಾ ಪೇಪರ್ ಪ್ಲೇಟ್".

ಆಮೇಲೆ ಪರೀಕ್ಷೆ ಮಾಡಿ. ಪೇಟೆಯಲ್ಲಿ ಹೆಚ್ಚು ಮಾರಾಟವಾಗುವ ಸಾದಾ ಪ್ಲೇಟು ಕೊಳ್ಳಿ, ತೀರಾ ತೆಳುವಾದದ್ದನ್ನು ಹುಡುಕಿ ತರಬೇಡಿ. ಎರಡೂ 10 ಇಂಚಿನವಿರಲಿ. ಒಂದೇ ಪಾತ್ರೆಯ ಬಿಸಿ ಸಾರು, ಒಂದೇ ಲೋಟದ ಅಳತೆ, ಅರ್ಧ ಗಂಟೆ. ಒಂದೊಂದು ತಟ್ಟೆ ಸಾಲದು, ಬೇರೆ ಬೇರೆ ಕಟ್ಟಿನಿಂದ ಹತ್ತತ್ತು ತೆಗೆಯಿರಿ. ತಾರೀಖು, ಬಿಲ್ಲು, ಫೋಟೋ ಜೋಪಾನವಾಗಿಡಿ. ತಕರಾರು ಬಂದ ದಿನ ಕೇಳುವುದು ಇವನ್ನೇ. ನಿಮ್ಮ ಹತ್ತರಲ್ಲಿ ಎರಡು ಸೋರಿದರೆ "ಸೋರುವುದೇ ಇಲ್ಲ" ಎನ್ನುವ ಹಾಗಿಲ್ಲ.

ಹತ್ತೂ ಗಟ್ಟಿ ನಿಂತರೆ ಹೀಗೆ ಬರೆಯಬಹುದು:

"ಬಿಸಿ ಬಿಸಿ ಸಾರು. ಲೇಪನವಿಲ್ಲದ ಸಾದಾ ಪೇಪರ್ ಪ್ಲೇಟಿನ ಪಕ್ಕದಲ್ಲೇ ಇಟ್ಟು ನೋಡಿದೆವು. ಅರ್ಧ ಗಂಟೆಯಾದರೂ ನಮ್ಮ ಹಾಳೆ ತಟ್ಟೆ ಸೋರಲಿಲ್ಲ, ಬಾಗಲಿಲ್ಲ."

ಇಲ್ಲಿ ಹೊಗಳಿಕೆಯೆಲ್ಲ ನಿಮ್ಮ ತಟ್ಟೆಗೆ. ಪಕ್ಕದ್ದು ಏನಾಯಿತೆಂದು ಕೇಳುಗರೇ ಊಹಿಸುತ್ತಾರೆ. ಆ ಊಹೆ ಕೂಡ ನಿಜವಾಗಿರಬೇಕು: ಸಾದಾ ಪ್ಲೇಟೂ ಅರ್ಧ ಗಂಟೆ ತಡೆದಿದ್ದರೆ ಈ ಸಾಲು ಬೇಡ.

ನೀವು ಕೇಳದಿದ್ದರೂ ಬೆಲೆಯ ವಿಷಯ ಹೇಳಿಬಿಡುತ್ತೇನೆ, ಮುಂದಿನ ಪತ್ರದಲ್ಲಿ ಬರುವುದು ಅದೇ. ನಿಮ್ಮ 6 ಇಂಚಿನ ತಿಂಡಿ ತಟ್ಟೆಯ ದರವನ್ನು ಅವರ 12 ಇಂಚಿನ ಊಟದ ಪ್ಲೇಟಿನ ಪಕ್ಕ ಇಟ್ಟು "ನಮ್ಮದೇ ಅಗ್ಗ" ಎನ್ನಬೇಡಿ. ಅಂಕಿ ಸುಳ್ಳಲ್ಲ, ಹೋಲಿಕೆ ಸುಳ್ಳು. ಒಂದೇ ಅಳತೆ, ಒಂದೇ ಊರಿನ ದರ ಇಡಿ. ದರ ಬದಲಾದ ದಿನವೇ ಆ ಜಾಹೀರಾತನ್ನು ನಿಲ್ಲಿಸಿ.