ಮರದ ಕೆಳಗೆ ಸಿಕ್ಕ ಈ ಚಪ್ಪಟೆ ಕಾಯಿ ಯಾವುದು? ಫೋಟೋ ನೋಡಿ ಗುರುತಿಸುವ ಬಗೆ

ಓದುಗರ ಪ್ರಶ್ನೆ: ವಿಜಯಪುರದಾಗ ನಮ್ಮ ಓಣಿ ಹತ್ರ ರಸ್ತೆ ಬಾಜೂಕ ಒಂದು ದೊಡ್ಡ ಗಿಡ ಐತ್ರಿ. ಫೆಬ್ರುವರಿಯೊಳಗ ಎಲಿ ಎಲ್ಲಾ ಉದುರಿ ಬರೇ ಒಣ ಕಾಯಿ ಜೋತಾಡ್ತಾವು. ಗಾಳಿ ಬಿಟ್ಟರ ಗಲಗಲ ಸಪ್ಪಳ ಬರ್ತೈತಿ. ಕೆಳಗ ಬಿದ್ದಿದ್ದ ಕಾಯಿ ಫೋಟೋ ಕಳಿಸೀನಿ. ಗೇಣುದ್ದ ಐತಿ, ಹುಲ್ಲಿನ ಬಣ್ಣ, ಭಾಳ ತೆಳ್ಳಗ. ಇದು ಯಾವ ಗಿಡದ್ದರೀ?

ಉತ್ತರ: ನೀವು ಬರೆದ ವಿವರ ಓದಿದರೆ ಬಾಗೆ ಮರ, ಅಂದರೆ ಶಿರೀಷ ಎಂದು ಅನ್ನಿಸುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಆಲ್ಬಿಜಿಯಾ ಲೆಬೆಕ್. ಆದರೆ ಮೊದಲು ಬಂದ ಫೋಟೋ ಒಂದನ್ನೇ ನೋಡಿ ಹಾಗೆ ಹೇಳಲು ಬರುವಂತಿರಲಿಲ್ಲ. ಅಂಗೈ ಮೇಲೆ ಇಟ್ಟ ಕಾಯಿ, ಒಂದು ಮುಖ ಮಾತ್ರ, ಅಳತೆಗೆ ಏನೂ ಇಲ್ಲ, ಒಳಗಿನ ಬೀಜ ಕಾಣುವುದಿಲ್ಲ. ಇನ್ನೂ ಮೂರು ಫೋಟೋ ಕಳಿಸಿ ಎಂದು ಕೇಳಿದ್ದು ಅದಕ್ಕೇ. ಅವು ಬಂದ ಮೇಲೆ ಒಂದೊಂದೇ ಮರವನ್ನು ಪಟ್ಟಿಯಿಂದ ಹೇಗೆ ತೆಗೆದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಯಾವ ಕಾಯಿ ಸಿಕ್ಕರೂ ಇದೇ ದಾರಿ ಹಿಡಿಯಬಹುದು.

ಬೀಜ ಎಲ್ಲಿ ಕೂತಿದೆ?

ಹೆಚ್ಚಿನವರು ಮೊದಲು ಬಣ್ಣ ನೋಡುತ್ತಾರೆ. ಒಣಗಿದ ಕಾಯಿಯ ಮಟ್ಟಿಗೆ ಬಣ್ಣದಷ್ಟು ದಾರಿ ತಪ್ಪಿಸುವ ಗುರುತು ಇನ್ನೊಂದಿಲ್ಲ. ಒಂದು ಮಳೆಗೆ ಸಿಕ್ಕರೆ ಹುಲ್ಲಿನ ಬಣ್ಣದ ಸಿಪ್ಪೆ ಕಪ್ಪಿಡುತ್ತದೆ, ತಿಂಗಳುಗಟ್ಟಲೆ ಬಿಸಿಲಿಗೆ ಬಿದ್ದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಂಜೆ ಬೆಳಕಿನಲ್ಲಿ ತೆಗೆದ ಫೋಟೋದಲ್ಲಂತೂ ಎಲ್ಲ ಕಾಯಿಯೂ ಕೆಂಪಗೆ ಕಾಣುತ್ತದೆ. ಬೀಜ ಕೂತ ಜಾಗ ಮಾತ್ರ ಮಳೆ ಬಿಸಿಲಿಗೆ ಬದಲಾಗುವುದಿಲ್ಲ. ನಾವು ಮೊದಲು ನೋಡುವುದು ಅದನ್ನೇ.

ನಮ್ಮ ಕಡೆಯ ತೆಳ್ಳನೆಯ ಕಾಯಿಗಳು ಈ ಒಂದು ಗುರುತಿನಿಂದಲೇ ಮೂರು ಗುಂಪಾಗುತ್ತವೆ. ಇಡೀ ಕಾಯಿಗೆ ತುದಿಯಲ್ಲಿ ಒಂದೇ ಬೀಜ ಇದ್ದು ಉಳಿದ ಭಾಗ ಬರೀ ಚಪ್ಪಟೆ ರೆಕ್ಕೆಯಾಗಿದ್ದರೆ ಅದು ಮುತ್ತಲ ಅಥವಾ ಕಮರ. ಮುತ್ತಲದ ಕಾಯಿ 10ರಿಂದ 15 ಸೆಂ.ಮೀ. ಉದ್ದ, 3ರಿಂದ 5 ಸೆಂ.ಮೀ. ಅಗಲ ಇರುತ್ತದೆ, ಮೈಮೇಲೆ ನವಿರಾದ ರೋಮ ಇರುತ್ತದೆ. ಕಮರದ್ದು ಅದರ ಅರ್ಧದಷ್ಟು, ಉದ್ದಕ್ಕೂ ನರಗಳು ಎದ್ದು ಕಾಣುತ್ತವೆ. ಬೀಜ ನಡುವೆ ಇದ್ದು ಸುತ್ತ ದುಂಡನೆಯ ರೆಕ್ಕೆ ಇದ್ದರೆ ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ತಪಸಿ. ಅದು ಎರಡು ಮೂರು ಸೆಂ.ಮೀ. ಅಗಲದ ಹಗುರ ಬಿಲ್ಲೆ. ಖಾನಾಪುರದ ಕಾಡಿನಲ್ಲಿ ಅದಕ್ಕಿಂತ ದೊಡ್ಡದಾಗಿ, ನಡುವೆ ಗಟ್ಟಿ ಉಬ್ಬಿರುವ ದುಂಡು ಕಾಯಿ ಸಿಕ್ಕರೆ ಹೊನ್ನೆ. ಇನ್ನು ಮೂರನೆಯದು, ಬೀಜಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರುವ ಗುಂಪು. ನಿಮ್ಮ ಕಾಯಿ ಇದರಲ್ಲಿದೆ. ಬೆಳಕಿಗೆ ಎದುರಾಗಿ ಹಿಡಿದು ತೆಗೆದ ನಿಮ್ಮ ಎರಡನೇ ಫೋಟೋದಲ್ಲಿ ಒಂಬತ್ತು ಬೀಜದ ನೆರಳು ಸ್ಪಷ್ಟವಾಗಿ ಎಣಿಸಲು ಬಂತು. ತೆಳ್ಳನೆಯ ಕಾಯಿಗೆ ಇಂಥ ಎದುರು ಬೆಳಕಿನ ಫೋಟೋ ಬಹಳ ಉಪಯೋಗದ್ದು, ಕಾಯಿ ಒಡೆಯದೆಯೇ ಒಳಗಿನದು ಗೊತ್ತಾಗುತ್ತದೆ.

ಅಳತೆ

ಸಾಲು ಬೀಜದ ಗುಂಪಿನಲ್ಲಿ ಮುಂದಿನ ಕೆಲಸ ಅಗಲ ಅಳೆಯುವುದು. ಉದ್ದಕ್ಕಿಂತ ಅಗಲವನ್ನು ನಂಬಬೇಕು. ಒಂದೇ ಮರದಲ್ಲಿ ಎಷ್ಟು ಬೀಜ ಕಟ್ಟಿತು ಎಂಬುದರ ಮೇಲೆ ಕಾಯಿಯ ಉದ್ದ ದುಪ್ಪಟ್ಟು ವ್ಯತ್ಯಾಸ ಆಗಬಹುದು, ಅಗಲ ಅಷ್ಟು ಬದಲಾಗುವುದಿಲ್ಲ. ಗೇಣು ಎನ್ನುವ ಅಳತೆ ಕೈಯಿಂದ ಕೈಗೆ ಬೇರೆ, ಹಾಗಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಶಾಲೆಯ ಸ್ಕೇಲ್ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಹತ್ತು ರೂಪಾಯಿಯ ನಾಣ್ಯ ಇಡಿ, ಅದರ ವ್ಯಾಸ 27 ಮಿ.ಮೀ. ಒಂದು ರೂಪಾಯಿ ನಾಣ್ಯ ಬೇಡ. ಹಳೆಯದು 25 ಮಿ.ಮೀ., 2011ರಲ್ಲಿ ಬಂದದ್ದು 22 ಮಿ.ಮೀ., 2019ರ ಸರಣಿಯದ್ದು 20 ಮಿ.ಮೀ., ಫೋಟೋದಲ್ಲಿ ಯಾವುದು ಎಂದು ತಿಳಿಯದೆ ಹೋದರೆ ಅಳತೆಯೇ ಕೆಡುತ್ತದೆ. ನೀವು ಇಟ್ಟ ಹತ್ತರ ನಾಣ್ಯ ಪರದೆಯ ಮೇಲೆ 9 ಮಿ.ಮೀ. ಬಂತು, ಕಾಯಿಯ ಉದ್ದ 70 ಮಿ.ಮೀ., ಅಗಲ 13 ಮಿ.ಮೀ. ಅಂದರೆ ಪರದೆಯ ಪ್ರತಿ ಒಂದು ಮಿ.ಮೀ.ಗೆ ನಿಜವಾಗಿ ಮೂರು ಮಿ.ಮೀ. ಕಾಯಿ 21 ಸೆಂ.ಮೀ. ಉದ್ದ, 3.9 ಸೆಂ.ಮೀ. ಅಗಲ ಎಂದಾಯಿತು.

ನಾಣ್ಯದಿಂದ ಇನ್ನೊಂದು ಲಾಭವಿದೆ. ಫೋಟೋದಲ್ಲಿ ನಾಣ್ಯ ದುಂಡಗೆ ಕಂಡರೆ ಫೋನ್ ನೇರ ಮೇಲಿನಿಂದ ಹಿಡಿದಿದ್ದೀರಿ, ಮೊಟ್ಟೆಯಾಕಾರ ಬಂದಿದ್ದರೆ ಓರೆಯಾಗಿ ಹಿಡಿದಿದ್ದೀರಿ, ಆ ಫೋಟೋದ ಅಳತೆ ಬಿಟ್ಟುಬಿಡಬೇಕು. ದಪ್ಪ ಕಾಯಿಗಳಲ್ಲಿ ಇನ್ನೊಂದು ತಪ್ಪು ನುಸುಳುತ್ತದೆ. ಕಾಯಿಯ ಮೇಲ್ಮೈ ನಾಣ್ಯಕ್ಕಿಂತ 2 ಸೆಂ.ಮೀ. ಎತ್ತರದಲ್ಲಿದ್ದು, ಫೋನ್ ನೆಲದಿಂದ 20 ಸೆಂ.ಮೀ. ಮೇಲಿದ್ದರೆ ಕಾಯಿ ಇರುವುದಕ್ಕಿಂತ ಶೇ 11ರಷ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಫೋನನ್ನು 60 ಸೆಂ.ಮೀ. ಎತ್ತರಕ್ಕೆ ಒಯ್ದು ಜೂಮ್ ಮಾಡಿದರೆ ತಪ್ಪು ಶೇ 3ರ ಆಸುಪಾಸಿಗೆ ಇಳಿಯುತ್ತದೆ. ಹತ್ತಿರ ಹೋಗಿ ತೆಗೆದರೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಅಳತೆಯ ವಿಷಯದಲ್ಲಿ ತಿರುಗುಮುರುಗು.

ಈಗ 3.9 ಸೆಂ.ಮೀ. ಅಗಲ ಇಟ್ಟುಕೊಂಡು ನೋಡಿ. ಸುಬಾಬುಲ್ ಕಾಯಿಯೂ ತೆಳ್ಳಗೆ, ಉದ್ದಗೆ, ಗೊಂಚಲು ಗೊಂಚಲಾಗಿ ಇರುತ್ತದೆ, ಆದರೆ ಅಗಲ 2 ಸೆಂ.ಮೀ. ದಾಟುವುದು ಕಷ್ಟ. ಅದು ಪಟ್ಟಿಯಿಂದ ಹೋಯಿತು. ಹಳದಿ ಹೂವಿನ ಪೆಲ್ಟೊಫೋರಮ್ ಊರಿನ ರಸ್ತೆಗಳಲ್ಲಿ ಬಹಳ ಇದೆ, ಅದರ ಕಾಯಿಯೂ ಚಪ್ಪಟೆ. ಆದರೆ ಉದ್ದ 10 ಸೆಂ.ಮೀ. ಒಳಗೇ, ಎರಡೂ ತುದಿ ಚೂಪು, ಎರಡೂ ಅಂಚಿಗೆ ತೆಳು ರೆಕ್ಕೆ, ಒಳಗೆ ಒಂದರಿಂದ ನಾಲ್ಕು ಬೀಜ. ಅದೂ ಅಲ್ಲ. ಗುಲ್‌ಮೊಹರ್ ಕಾಯಿ ಮೊಳದುದ್ದ, ಕಟ್ಟಿಗೆಯಷ್ಟು ಗಟ್ಟಿ. ಮಳೆಮರದ್ದು ದಪ್ಪ, ಕಪ್ಪು, ಒಳಗೆ ಅಂಟು ತಿರುಳು. ಈ ಎರಡನ್ನೂ ಕೈಯಲ್ಲಿ ಹಿಡಿದವರು ತೆಳ್ಳಗಿದೆ ಎಂದು ಬರೆಯುವುದೇ ಇಲ್ಲ.

ಮೈ, ಅಂಚು, ಬೀಜದ ಮೇಲಿನ ಗೆರೆ

ಬಾಗೆಯ ಸಿಪ್ಪೆ ಬೀಜ ಇರುವ ಕಡೆಯಲ್ಲೆಲ್ಲ ಉಬ್ಬಿ, ಎರಡು ಬೀಜಗಳ ನಡುವೆ ಚಪ್ಪಟೆಯಾಗಿರುತ್ತದೆ. ಈ ಉಬ್ಬುತಗ್ಗು ನಡುಹಗಲಿನ ನೆತ್ತಿ ಬಿಸಿಲಲ್ಲಾಗಲಿ, ಫ್ಲ್ಯಾಶ್ ಹಾಕಿದರಾಗಲಿ ಫೋಟೋದಲ್ಲಿ ಮಾಯವಾಗುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಕಿಟಕಿ ಪಕ್ಕ ಬಿಳಿ ಹಾಳೆಯ ಮೇಲೆ ಇಟ್ಟು, ಬೆಳಕು ಒಂದು ಬದಿಯಿಂದ ಬೀಳುವಂತೆ ಮಾಡಿ ತೆಗೆದರೆ ಪ್ರತಿಯೊಂದು ಉಬ್ಬಿಗೂ ನೆರಳು ಬಂದು ಮೈ ಸ್ಪಷ್ಟವಾಗುತ್ತದೆ. ನಿಮ್ಮ ಮರ ಗಲಗಲ ಎನ್ನುವುದಕ್ಕೆ ಕಾರಣವೂ ಇದೇ ರಚನೆ. ಒಣಗಿದ ಮೇಲೆ ಬೀಜ ಬಿಡಿಯಾಗಿ ಆ ಉಬ್ಬಿನೊಳಗೇ ಕುಣಿಯುತ್ತದೆ, ತೆಳು ಸಿಪ್ಪೆ ಸದ್ದು ಕೊಡುತ್ತದೆ.

ಒಂದು ಎಚ್ಚರ. ಕೆಳಗೆ ಬಿದ್ದದ್ದು ಪೂರ್ತಿ ಕಾಯಿಯೋ ಅರ್ಧ ಹೋಳೋ ಎಂದು ಅಂಚನ್ನು ತಿರುಗಿಸಿ ನೋಡಬೇಕು. ಕಾಯಿ ಒಡೆದು ಒಂದೇ ಹೋಳು ಗಾಳಿಗೆ ಹಾರಿ ಬಂದಿದ್ದರೆ ಅದರಲ್ಲಿ ಬೀಜ ಇರುವುದಿಲ್ಲ, ಬರೀ ಗುಳಿ ಇರುತ್ತದೆ. ಅದನ್ನು ಬೀಜವಿಲ್ಲದ ಬೇರೆ ಜಾತಿಯ ಕಾಯಿ ಎಂದು ತಿಳಿಯುವವರಿದ್ದಾರೆ. ಗುಳಿಗಳನ್ನು ಎಣಿಸಿದರೆ ಬೀಜ ಎಣಿಸಿದ ಹಾಗೆಯೇ ಆಯಿತು.

ಮೂರನೇ ಫೋಟೋ ಕಾಯಿ ಬಿಡಿಸಿ ತೆಗೆದ ಬೀಜದ್ದು. ಕಂದು ಬಣ್ಣ, ಚಪ್ಪಟೆ, ಉದ್ದ 9 ಮಿ.ಮೀ. ಅದರ ಎರಡೂ ಮುಖದ ಮೇಲೆ ಸಣ್ಣ ಗೆರೆಯೊಂದು ಲಾಳದಾಕಾರದಲ್ಲಿ ತಿರುಗಿದೆ, ತೆರೆದ ಬಾಯಿ ಬೀಜದ ಕಣ್ಣಿನ ಕಡೆಗಿದೆ. ಈ ಗೆರೆ ಬಾಗೆ, ಸುಬಾಬುಲ್, ಜಾಲಿ, ಮಳೆಮರ ಇವೆಲ್ಲದರ ಬೀಜದ ಮೇಲೂ ಇರುತ್ತದೆ. ಹೊಂಗೆ, ಮುತ್ತಲದ ಬೀಜದ ಮೇಲೆ ಇರುವುದಿಲ್ಲ. ಹಾಗಾಗಿ ಗೆರೆಯಿಂದ ಮರದ ಹೆಸರು ಸಿಗುವುದಿಲ್ಲ, ಮನೆತನ ಸಿಗುತ್ತದೆ. ಕಾಯಿಯ ಅಗಲದ ಜೊತೆ ಸೇರಿಸಿ ನೋಡಿದಾಗಲೇ ಅದಕ್ಕೆ ಬೆಲೆ.

ನಿಮ್ಮ ಬೀಜಗಳಲ್ಲಿ ಎರಡಕ್ಕೆ ಸೂಜಿಯಿಂದ ಕೊರೆದಂತೆ ದುಂಡು ತೂತು ಇದೆ. ಅದು ಗುರುತಿನ ಲಕ್ಷಣವಲ್ಲ. ಬೀಜದೊಳಗೆ ಬೆಳೆದ ಬೀಜದ ಹುಳು ಹೊರಬಂದ ದಾರಿ. ಫೋಟೋಕ್ಕೆ ತೂತಿಲ್ಲದ ಬೀಜವನ್ನೇ ಆರಿಸಿಕೊಳ್ಳಿ.

ಗುರುತಿಸುವ ಭರದಲ್ಲಿ ಬೀಜ ಕಚ್ಚಿ ರುಚಿ ನೋಡುವುದನ್ನು ಮಾತ್ರ ಮಾಡಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಬೇಲಿಯಲ್ಲಿ ಸಿಗುವ ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ, ಮನೆ ಮುಂದಿನ ಹಳದಿ ಕಣಗಿಲೆಯ ಬೀಜ, ಹರಳು ಬೀಜ ಮೂರೂ ಜೀವಕ್ಕೆ ಅಪಾಯ ತರುವ ವಿಷದವು. ತಿನ್ನಬಹುದೇ ಎಂಬ ಪ್ರಶ್ನೆಗೆ ಫೋಟೋ ನೋಡಿ ನಾವು ಯಾವತ್ತೂ ಉತ್ತರ ಕೊಡುವುದಿಲ್ಲ.

ಉಳಿದ ಅನುಮಾನ

ಬಾಗೆಯ ಮನೆತನದಲ್ಲೇ ಇನ್ನೂ ಮರಗಳಿವೆ. ಒಣ ಗುಡ್ಡಗಳಲ್ಲಿ ತುಗ್ಗಲಿ ಬೆಳೆಯುತ್ತದೆ, ಖಾನಾಪುರದ ಕಡೆ ಕಾಡುಬಾಗೆ ಇದೆ. ಇವುಗಳ ಕಾಯಿಯ ಆಕಾರ ಒಂದೇ ತರಹ, ಅಗಲ ಸ್ವಲ್ಪ ಕಡಿಮೆ. ಬಾಗೆಯ ಸಣ್ಣ ಕಾಯಿ ಅವುಗಳ ದೊಡ್ಡ ಕಾಯಿಗೆ ಅಗಲದಲ್ಲಿ ಸಮನಾಗಬಹುದು. ಆದ್ದರಿಂದ ಒಂದೇ ಕಾಯಿಯ ಮೇಲೆ ತೀರ್ಮಾನ ಮಾಡದೆ, ಮರದ ಬುಡದಿಂದ ಐದಾರು ಕಾಯಿ ಆರಿಸಿ ಎಲ್ಲವನ್ನೂ ಒಟ್ಟಿಗೆ ಇಟ್ಟು ಒಂದು ಫೋಟೋ ತೆಗೆಯಿರಿ. ಎಲ್ಲವೂ 3 ಸೆಂ.ಮೀ.ಗಿಂತ ಅಗಲ ಬಂದರೆ ಬಾಗೆ ಎನ್ನುವ ಮಾತು ಗಟ್ಟಿಯಾಗುತ್ತದೆ.

ಮರ ಈಗ ಬೋಳಾಗಿದ್ದರೂ ಬುಡದಲ್ಲಿ ಉದುರಿದ ಎಲೆದಳ ಸಿಕ್ಕೇ ಸಿಗುತ್ತವೆ. ಬಾಗೆಯ ದಳ 2ರಿಂದ 4 ಸೆಂ.ಮೀ. ಉದ್ದ, ನಡುನರ ಸರಿಯಾಗಿ ಮಧ್ಯದಲ್ಲಿರದೆ ಒಂದು ಅಂಚಿನ ಕಡೆ ಸರಿದಿರುತ್ತದೆ. ತುಗ್ಗಲಿಯ ದಳ ತೀರಾ ಸಣ್ಣದು, ಅಕ್ಕಿಕಾಳಿನ ಅಳತೆ. ಇಷ್ಟಾದ ಮೇಲೂ ಸಂಶಯ ಉಳಿದರೆ ಏಪ್ರಿಲ್, ಮೇವರೆಗೆ ಕಾದು ಹೂವಿನ ಫೋಟೋ ಕಳಿಸಿ. ಬಾಗೆಯ ಹೂ ಹಸಿರು ಛಾಯೆಯ ಬಿಳಿ ಎಳೆಗಳ ಗುಂಡು, ವಾಸನೆ ದೂರಕ್ಕೂ ಬರುತ್ತದೆ. ಎಳೆಗಳ ತುದಿ ಗುಲಾಬಿ ಬಣ್ಣವಿದ್ದರೆ ಮೇಲೆ ನೋಡಿದ ಮರ ಮಳೆಮರ, ನೀವು ಆರಿಸಿದ ಕಾಯಿ ಪಕ್ಕದ ಇನ್ನೊಂದು ಮರದಿಂದ ಹಾರಿ ಬಂದದ್ದು.