ಮೂವತ್ತು ಅಕ್ಷರಗಳ ಕನ್ನಡ ಸಂದೇಶ ಎರಡಾಗಿ ಒಡೆಯುವುದೇಕೆ?

‘ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಯಲ್ಲಿ ಪೋಷಕರ ಸಭೆ ಇದೆ. ಎಲ್ಲರೂ ತಪ್ಪದೆ ಬನ್ನಿ.’

ಎಸ್‌ಎಂಎಸ್ ಆಗಿ ಹೋಗಬೇಕಾದದ್ದು ಇಷ್ಟೇ ಸಂದೇಶ. ಬೆರಳು ಮಡಿಸಿ ಎಣಿಸಿದರೆ ಮೂವತ್ತು ಅಕ್ಷರ, ಹತ್ತು ಖಾಲಿ ಜಾಗ, ಎರಡು ಚುಕ್ಕಿ. ಒಟ್ಟು 42. ಮೊಬೈಲ್‌ನ ಎಣಿಕೆ ಮಾತ್ರ 72 ಎನ್ನುತ್ತದೆ; ಸಂದೇಶ ಎರಡು ಭಾಗವಾಗಿ ಹೋಗುತ್ತದೆ. ಇದೇ ಮಾತನ್ನು ನಾನು ಇಂಗ್ಲಿಷಿನಲ್ಲಿ ಬರೆದು ಎಣಿಸಿದಾಗ 90 ಬಂತು. ಅಂದರೆ ಮೊಬೈಲ್‌ನ ಲೆಕ್ಕದಲ್ಲೂ ಕನ್ನಡದ್ದೇ ಚಿಕ್ಕದು. ಆದರೂ ಇಂಗ್ಲಿಷಿನದು ಒಂದೇ ಸಂದೇಶವಾಗಿ, ಇನ್ನೂ 70 ಅಕ್ಷರಗಳಿಗೆ ಜಾಗ ಉಳಿಸಿಕೊಂಡು ಹೋಗುತ್ತದೆ. ‘ಕನ್ನಡದಲ್ಲಿ ಬರೆದರೆ ಉದ್ದವಾಗುತ್ತದೆ’ ಎಂಬ ಮಾತನ್ನು ಮತ್ತೆ ಮತ್ತೆ ಕೇಳುತ್ತೇವೆ. ಆ ಮಾತು ತಪ್ಪು. ತೊಡಕು ಇರುವುದು ಭಾಷೆಯಲ್ಲಲ್ಲ, ಅದನ್ನು ತುಂಬುವ ಪೆಟ್ಟಿಗೆಯಲ್ಲಿ.

ಆ ಪೆಟ್ಟಿಗೆಯ ಅಳತೆ ನಿಗದಿಯಾದದ್ದು 1980ರ ದಶಕದ ಯುರೋಪಿನಲ್ಲಿ. ಜಿಎಸ್‌ಎಂ ಎಂಬ ಮೊಬೈಲ್ ವ್ಯವಸ್ಥೆ ಆಗ ರೂಪುಗೊಳ್ಳುತ್ತಿತ್ತು. ಕರೆಗಳನ್ನು ಜೋಡಿಸಲು, ಫೋನು ಎಲ್ಲಿದೆ ಎಂದು ತಿಳಿಯಲು ಜಾಲದೊಳಗೆ ಪುಟ್ಟ ಪುಟ್ಟ ಸೂಚನೆಗಳು ಓಡಾಡಲೇಬೇಕು. ಆ ಸೂಚನೆಗಳ ದಾರಿ ಬಿಡುವಾಗಿರುವಾಗ ಅದರಲ್ಲೇ ಬರಹವನ್ನೂ ಕಳುಹಿಸಬಹುದು ಎಂಬುದು ಎಸ್‌ಎಂಎಸ್‌ನ ಮೂಲ ಆಲೋಚನೆ. ಬೇರೆ ಕೆಲಸಕ್ಕೆ ಹಾಕಿದ ದಾರಿಯಾದ್ದರಿಂದ ಅಲ್ಲಿ ಸಿಕ್ಕ ಜಾಗ ಕಿರಿದು: ಒಂದು ಸಂದೇಶಕ್ಕೆ 140 ಬೈಟ್, ಅಂದರೆ 1,120 ಬಿಟ್; ಒಂದು ಬಿಟ್ ಎಂದರೆ ಒಂದು 0 ಇಲ್ಲವೇ 1. ಈ ಕೆಲಸದಲ್ಲಿ ತೊಡಗಿದ್ದ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ 1985ರಲ್ಲಿ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕುಳಿತು, ತೋಚಿದ ವಾಕ್ಯಗಳನ್ನು ಬರೆದು ಎಣಿಸಿದರಂತೆ. ಬಹುತೇಕ ಎಲ್ಲವೂ 160ರೊಳಗೆ ಮುಗಿದವು. ಇಷ್ಟು ಸಾಕು ಎಂದು ಅವರಿಗೆ ಮನವರಿಕೆಯಾಯಿತು. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಮೊದಲ ಎಸ್‌ಎಂಎಸ್ ಕಳುಹಿಸಿದರು. ಅದು ಕ್ರಿಸ್‌ಮಸ್ ಶುಭಾಶಯ.

140 ಬೈಟ್‌ಗಳಲ್ಲಿ 160 ಅಕ್ಷರ ಹಿಡಿಸಿದ್ದು ಹೇಗೆ? ಒಂದೊಂದು ಅಕ್ಷರಕ್ಕೆ ಎಂಟು ಬಿಟ್‌ಗಳ ಬದಲು ಏಳನ್ನೇ ಕೊಟ್ಟು. 1,120ನ್ನು ಏಳರಿಂದ ಭಾಗಿಸಿದರೆ 160. ಆದರೆ ಏಳು ಬಿಟ್‌ಗಳಿಂದ ಗುರುತಿಸಬಹುದಾದದ್ದು ಬರೀ 128 ಚಿಹ್ನೆಗಳನ್ನು. ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ಯುರೋಪಿನ ಕೆಲವು ಭಾಷೆಗಳ ಅಕ್ಷರಗಳು, ಗ್ರೀಕಿನ ಒಂದಷ್ಟು ದೊಡ್ಡಕ್ಷರಗಳು ಸೇರುವಷ್ಟರಲ್ಲಿ ಪಟ್ಟಿ ತುಂಬಿತು. ಭಾರತದ ಯಾವ ಲಿಪಿಗೂ ಅದರಲ್ಲಿ ಸ್ಥಾನವಿರಲಿಲ್ಲ.

ಉಳಿದ ಲಿಪಿಗಳಿಗಾಗಿ, ಲೋಕದ ಲಿಪಿಗಳಿಗೆಲ್ಲ ಸಂಕೇತ ನೀಡುವ ಯುನಿಕೋಡ್ ಆಧಾರಿತ ಇನ್ನೊಂದು ವಿಧಾನ ಸೇರಿಕೊಂಡಿತು. ಅದರ ಹೆಸರು ಯುಸಿಎಸ್-2. ಇಲ್ಲಿ ಪ್ರತಿ ಸಂಕೇತಕ್ಕೂ 16 ಬಿಟ್. ಪೆಟ್ಟಿಗೆ ಮಾತ್ರ ಹಳೆಯದೇ. 1,120ನ್ನು 16ರಿಂದ ಭಾಗಿಸಿದರೆ 70. ನಮ್ಮ ಮಿತಿ ಇದು. ಜೊತೆಗೆ, ಯಾವ ವಿಧಾನ ಬಳಸಲಾಗಿದೆ ಎಂದು ಹೇಳುವ ಗುರುತು ಇಡೀ ಸಂದೇಶಕ್ಕೆ ಒಂದೇ. ಹಾಗಾಗಿ ಉದ್ದನೆಯ ಇಂಗ್ಲಿಷ್ ಸಂದೇಶದ ಕೊನೆಯಲ್ಲಿ ಒಂದೇ ಒಂದು ಕನ್ನಡ ಅಕ್ಷರವನ್ನೋ ₹ ಚಿಹ್ನೆಯನ್ನೋ ಸೇರಿಸಿದರೂ ಇಂಗ್ಲಿಷ್ ಅಕ್ಷರಗಳೆಲ್ಲ ಹದಿನಾರು ಹದಿನಾರು ಬಿಟ್ ತಿನ್ನತೊಡಗುತ್ತವೆ. ಸಂದೇಶ ಬರೆಯುವ ಜಾಗದಲ್ಲಿ ಎಣಿಕೆ ತೋರಿಸುವ ಮೊಬೈಲ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು. ಕನ್ನಡದ ಮೊದಲ ಅಕ್ಷರ ಒತ್ತಿದೊಡನೆ 160ರ ಮಿತಿ 70ಕ್ಕೆ ಕುಸಿಯುತ್ತದೆ.

ಇನ್ನು ಎರಡನೆಯ ಸಂಗತಿ. ಯುನಿಕೋಡ್ ಎಣಿಸುವುದು ನಾವು ಓದುವ ಅಕ್ಷರಗಳನ್ನಲ್ಲ, ಅವುಗಳ ಬಿಡಿಭಾಗಗಳನ್ನು. ‘ನಾ’ ಎಂದರೆ ‘ನ’ ಮತ್ತು ದೀರ್ಘದ ಚಿಹ್ನೆ, ಎರಡು ಸಂಕೇತ. ‘ಗ್ಗೆ’ ಎಂದರೆ ಗ, ಅದರ ಸ್ವರ ಕಳೆಯುವ ವಿರಾಮ ಚಿಹ್ನೆ, ಇನ್ನೊಂದು ಗ, ಎತ್ವ, ಒಟ್ಟು ನಾಲ್ಕು. ‘ಸ್ತ್ರೀ’ ಎಂಬ ಒಂದಕ್ಷರದ ಪದಕ್ಕೆ ಆರು. ಕಣ್ಣಿಗೆ ಕಾಣದವೂ ಲೆಕ್ಕಕ್ಕೆ ಬರುತ್ತವೆ: ‘ಬಸ್‌ನಲ್ಲಿ’ ಎಂದು ಬರೆಯುವಾಗ ‘ನ’ ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯಲು ನಡುವೆ ಒಂದು ಅಗೋಚರ ಚಿಹ್ನೆ ಇರುತ್ತದೆ. ಅದಕ್ಕೂ 16 ಬಿಟ್. ಸಭೆಯ ಸಂದೇಶದಲ್ಲಿ ನಮ್ಮ ಮೂವತ್ತು ಅಕ್ಷರಗಳು ಅರವತ್ತು ಸಂಕೇತಗಳಾದದ್ದು ಹೀಗೆ. ಖಾಲಿ ಜಾಗ ಮತ್ತು ಚುಕ್ಕಿಗಳು ಸೇರಿ 72. ಮಿತಿ ಎರಡರಿಂದ ಮೀರಿತು.

ಮೀರಿದಾಗ ಕೊನೆಯ ಎರಡು ಸಂಕೇತಗಳಷ್ಟೇ ಎರಡನೆಯ ಭಾಗಕ್ಕೆ ಹೋಗುವುದಿಲ್ಲ. ಒಡೆದ ತುಣುಕುಗಳನ್ನು ಮತ್ತೆ ಕೂಡಿಸಬೇಕಲ್ಲ? ಇದು ಯಾವ ಸಂದೇಶದ ತುಣುಕು, ಒಟ್ಟು ಎಷ್ಟು ತುಣುಕುಗಳಿವೆ, ಇದು ಎಷ್ಟನೆಯದು ಎಂಬ ಚೀಟಿಯನ್ನು ಪ್ರತಿ ತುಣುಕಿನ ತಲೆಗೂ ಅಂಟಿಸಬೇಕು. ಆ ಚೀಟಿಗೆ ಸಾಮಾನ್ಯವಾಗಿ ಆರು ಬೈಟ್ ಬೇಕು, ಆ ಜಾಗ ಅದೇ 140ರಲ್ಲಿ ಕಳೆಯುತ್ತದೆ. ಹಾಗಾಗಿ ಒಡೆದ ಸಂದೇಶದ ಒಂದೊಂದು ಭಾಗದಲ್ಲಿ ಕನ್ನಡಕ್ಕೆ 67, ಇಂಗ್ಲಿಷಿಗೆ 153. ನಮ್ಮ ಸಂದೇಶದ ಮೊದಲ ತುಣುಕು ‘ತಪ್ಪದೆ ಬ’ ಎಂಬಲ್ಲಿಗೆ ಮುಗಿಯುತ್ತದೆ. ‘ನ್ನಿ.’ ಎಂಬ ಬಾಲವೊಂದೇ ಎರಡನೆಯ ಸಂದೇಶವಾಗಿ ಹೊರಡುತ್ತದೆ, ಅದಕ್ಕೂ ಪೂರ್ತಿ ಒಂದು ಸಂದೇಶದ ಲೆಕ್ಕ.

‘ಹತ್ತು’ ಎಂಬುದನ್ನು ‘ಹನ್ನೊಂದು’ ಮಾಡಿ ನೋಡಿ. ಮೂರು ಸಂಕೇತ ಹೆಚ್ಚಾಗಿ, ಕತ್ತರಿ ‘ತಪ್ಪದೆ’ಯ ಕೊನೆಯ ಅಕ್ಷರದ ಒಳಗೇ ಬೀಳುತ್ತದೆ: ‘ದ’ ಮೊದಲ ತುಣುಕಿನಲ್ಲಿ, ಅದರ ಎತ್ವ ಎರಡನೆಯದರಲ್ಲಿ. ಎರಡೂ ತುಣುಕುಗಳು ತಲುಪಿದರೆ ಮೊಬೈಲ್ ಕೂಡಿಸಿ ತೋರಿಸುತ್ತದೆ, ಒಡೆದದ್ದು ಓದುವವರ ಗಮನಕ್ಕೇ ಬಾರದು. ಕೂಡಿಸಲಾಗದೆ ಬಿಡಿಬಿಡಿಯಾಗಿ ತೋರಿದಾಗ ಮಾತ್ರ ಎರಡನೆಯ ತುಣುಕಿನ ಮೊದಲಲ್ಲಿ ವ್ಯಂಜನವಿಲ್ಲದ ಎತ್ವ, ಹಲವು ಸಲ ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದು, ಕಾಣುತ್ತದೆ. ಅಂಥದ್ದು ಕಂಡರೆ ಹಿಂದಿನ ತುಣುಕು ಬೇರೆಯಾಗಿದೆ ಇಲ್ಲವೇ ಬಂದೇ ಇಲ್ಲ ಎಂದು ತಿಳಿಯಬೇಕು.

ಈ ಅನ್ಯಾಯಕ್ಕೆ ಮದ್ದು ಹುಡುಕಿದವರೂ ಇದ್ದಾರೆ. ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಮೊದಲು ಟರ್ಕಿಶ್, ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಿಗೆ, ತನ್ನ ಒಂಬತ್ತನೆಯ ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾಷೆಗಳಿಗೆ, ಏಳು ಬಿಟ್‌ಗಳ ಬೇರೆ ಬೇರೆ ಪಟ್ಟಿಗಳನ್ನು ಮಾಡಿತು. ‘ಈ ಸಂದೇಶವನ್ನು ಕನ್ನಡದ ಪಟ್ಟಿ ಹಿಡಿದು ಓದು’ ಎಂಬ ಸೂಚನೆಗೆ ನಾಲ್ಕು ಬೈಟ್ ಹೋಗುತ್ತದೆ. ಉಳಿದದ್ದರಲ್ಲಿ 155 ಸಂಕೇತ ಹಿಡಿಸುತ್ತದೆ. ನಮ್ಮ 72 ಅದರಲ್ಲಿ ಅರ್ಧದಷ್ಟೂ ಆಗುವುದಿಲ್ಲ. ಎಷ್ಟು ಸೊಗಸಾದ ಪರಿಹಾರ! ಆದರೆ ಕಳುಹಿಸುವ ಫೋನು, ಪಡೆಯುವ ಫೋನು ಎರಡೂ ಈ ಪಟ್ಟಿಯನ್ನು ಬಲ್ಲವಾಗಿರಬೇಕು. ಪಡೆಯುವ ಫೋನಿಗೆ ಗೊತ್ತಿಲ್ಲದಿದ್ದರೆ ಅದು ಹಳೆಯ ಪಟ್ಟಿ ಹಿಡಿದೇ ಓದುತ್ತದೆ, ಕನ್ನಡದ ಬದಲು ಅರ್ಥವಿಲ್ಲದ ರೋಮನ್, ಗ್ರೀಕ್ ಅಕ್ಷರಗಳ ರಾಶಿ ಕಾಣುತ್ತದೆ. ಎದುರಿನ ಫೋನು ಯಾವುದೆಂದು ಕಳುಹಿಸುವವರಿಗೆ ತಿಳಿಯುವ ಬಗೆಯಿಲ್ಲ. ಹಾಗಾಗಿ, ಎಲ್ಲ ಕಡೆ ಓದಲು ಬರುತ್ತದೆ ಎಂಬ ಭರವಸೆಗೆ, ದುಬಾರಿಯಾದರೂ 16 ಬಿಟ್‌ಗಳ ದಾರಿಯನ್ನೇ ಹಿಡಿಯುವುದು ರೂಢಿಯಾಗಿದೆ.

ಎಲ್ಲ ಫೋನುಗಳೂ ಕನ್ನಡದ ಪಟ್ಟಿಯನ್ನು ಬಲ್ಲವಾಗುವವರೆಗೆ ನಾನು ‘ಹತ್ತು ಗಂಟೆಗೆ’ ಎಂಬುದನ್ನು ‘10 ಗಂಟೆಗೆ’ ಎಂದು ಬದಲಿಸುತ್ತೇನೆ. ಐದು ಸಂಕೇತಗಳ ಜಾಗದಲ್ಲಿ ಎರಡು. 72 ಇದ್ದದ್ದು 69 ಆಗುತ್ತದೆ, ಸಭೆಯ ಸುದ್ದಿ ಒಂದೇ ಸಂದೇಶದಲ್ಲಿ ಹೋಗುತ್ತದೆ.