ಕ್ಯೂಆರ್ ಅಸಲಿ, ಹೆಸರು ನಕಲಿ

ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡು ದಿನದ ಕಾರ್ಯಾಗಾರ ನಡೆಯಿತು ಎಂದುಕೊಳ್ಳಿ. ಸಕಲೇಶಪುರ, ಅರಸೀಕೆರೆ, ಚಿಕ್ಕಮಗಳೂರಿನಿಂದ ಬಂದವರೂ ಸೇರಿ 180 ಜನರಿಗೆ ಸರ್ಟಿಫಿಕೇಟ್ ಹೋಯಿತು. ಪ್ರತಿಯೊಂದರ ಮೂಲೆಯಲ್ಲೂ ಕ್ಯೂಆರ್ ಕೋಡ್ ಇದೆ. ಕಾರ್ಯಾಗಾರಕ್ಕೆ ಬಾರದವನೊಬ್ಬ, ಬಂದಿದ್ದ ಗೆಳೆಯನ ಪಿಡಿಎಫ್ ತರಿಸಿಕೊಂಡು, ಹೆಸರಷ್ಟೇ ಅಳಿಸಿ ತನ್ನದನ್ನು ಕೂರಿಸಿ, ಕಲರ್ ಪ್ರಿಂಟ್ ತೆಗೆಸುತ್ತಾನೆ. ಬೆಂಗಳೂರಿನ ಕಂಪನಿಯವರು ಸ್ಕ್ಯಾನ್ ಮಾಡುತ್ತಾರೆ. ಹಸಿರು ಟಿಕ್ ಗುರುತು, ಕೆಳಗೆ ‘ಪರಿಶೀಲಿಸಲಾಗಿದೆ’. ನಕಲಿ ಪಾಸಾಯಿತು.

ಇಲ್ಲಿ ಕ್ಯೂಆರ್ ಅಸಲಿಯೇ. ಅದು ತೋರಿಸಿದ ಪುಟವೂ ಕಾಲೇಜಿನದ್ದೇ. ತಪ್ಪಿರುವುದು ಪುಟದಲ್ಲಿ: ಇದು ಯಾರ ಸರ್ಟಿಫಿಕೇಟ್ ಎಂದು ಅದು ಹೇಳಲೇ ಇಲ್ಲ. ಕ್ಯೂಆರ್ ಕಾಗದವನ್ನು ಕಾಯುವುದಿಲ್ಲ, ಅದು ಬರೀ ವಿಳಾಸ. ಕಾಗದದಲ್ಲಿರುವುದನ್ನು ಸಂಘಟಕರ ದಾಖಲೆಯ ಪಕ್ಕ ಇಟ್ಟು ಓದಿದಾಗ ಮಾತ್ರ ಪರಿಶೀಲನೆ ಆಗುತ್ತದೆ.

ಆದ್ದರಿಂದ ಪುಟದಲ್ಲಿ ಪೂರ್ತಿ ಹೆಸರು, ಕಾಲೇಜು, ಕಾರ್ಯಕ್ರಮದ ಹೆಸರು, ದಿನಾಂಕ ಇರಬೇಕು. ‘ಭಾಗವಹಿಸಿದವರು’, ‘ಪ್ರಥಮ ಬಹುಮಾನ’, ‘ಸಂಪನ್ಮೂಲ ವ್ಯಕ್ತಿ’ ಇವುಗಳಲ್ಲಿ ಯಾವುದು ಎಂಬುದೂ ಇರಲೇಬೇಕು. ಹೆಸರು ಮುಟ್ಟದೆ, ಭಾಗವಹಿಸಿದ್ದನ್ನು ಬಹುಮಾನವಾಗಿ ತಿದ್ದುವವರು ಉಂಟು. ನಮ್ಮ ಕಡೆ ಮಂಜುನಾಥರೂ ಪ್ರಿಯಾಂಕರೂ ಹತ್ತಾರು ಜನ ಇರುತ್ತಾರಾದ್ದರಿಂದ ರಿಜಿಸ್ಟರ್ ನಂಬರಿನ ಕೊನೆಯ ಮೂರು ಅಂಕಿಗಳನ್ನು ಕಾಗದದಲ್ಲೂ ಪುಟದಲ್ಲೂ ಹಾಕಿ. ಮೊಬೈಲ್ ನಂಬರ್, ಇಮೇಲ್ ಹಾಕಬೇಡಿ. ಆ ಪುಟವನ್ನು ಯಾರು ಬೇಕಾದರೂ ತೆರೆಯಬಹುದು.

ಕೆಲವರು ಹೆಸರು, ದಿನಾಂಕಗಳನ್ನು ಕ್ಯೂಆರ್ ಒಳಗೇ ಪಠ್ಯವಾಗಿ ತುಂಬುತ್ತಾರೆ. ಅದರಿಂದ ಏನೂ ಪ್ರಯೋಜನವಿಲ್ಲ. ಅಂಥ ಕ್ಯೂಆರನ್ನು ಮೊಬೈಲಿನಲ್ಲಿ ಯಾರಾದರೂ ಒಂದು ನಿಮಿಷದಲ್ಲಿ ಮಾಡಿಕೊಳ್ಳುತ್ತಾರೆ.

ಇನ್ನು ಲಿಂಕಿನ ಕೊನೆಯ ಸಂಖ್ಯೆ. 001, 002 ಎಂದು ಸಾಲಾಗಿ ಕೊಟ್ಟರೆ ಒಂದು ಸರ್ಟಿಫಿಕೇಟ್ ಸಿಕ್ಕವನು ಅಂಕಿ ಬದಲಿಸುತ್ತಾ 180 ಜನರ ವಿವರವನ್ನೂ ನೋಡುತ್ತಾನೆ, ತನ್ನದೇ ಹೆಸರಿನ ಬೇರೊಬ್ಬರ ದಾಖಲೆ ಸಿಕ್ಕರೆ ಅದನ್ನೇ ಬಳಸಿಕೊಳ್ಳುತ್ತಾನೆ. ಊಹಿಸಲಾಗದ ಹತ್ತು ಅಕ್ಷರಗಳ ಕೋಡ್ ಸಾಕು:

```python
import secrets
A = "ABCDEFGHJKLMNPQRSTUVWXYZ23456789"
code = "".join(secrets.choice(A) for _ in range(10))
```

ಕ್ಯಾಮೆರಾ ಕೈಕೊಟ್ಟಾಗ ಕೋಡನ್ನು ಕೈಯಲ್ಲೇ ಟೈಪ್ ಮಾಡಬೇಕಾಗುತ್ತದೆ; ಗೊಂದಲ ಆಗದಿರಲೆಂದು `I`, `O`, `0`, `1` ಬಿಟ್ಟಿದ್ದೇವೆ. ಕ್ಯೂಆರ್ ಕೆಳಗೆ ಪೂರ್ತಿ ಲಿಂಕನ್ನು ಅಕ್ಷರದಲ್ಲೂ ಅಚ್ಚು ಹಾಕಿ:

```
https://cert.example.org/v/7KQ9M2XD4T
```

ಈ 37 ಅಕ್ಷರಗಳು ಮಧ್ಯಮ ದೋಷತಿದ್ದುವಿಕೆಯ 29×29 ಚೌಕಗಳ ಕ್ಯೂಆರಿನಲ್ಲಿ ಹಿಡಿಯುತ್ತವೆ. ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಮುದ್ರಿಸಿ, ಸುತ್ತ ನಾಲ್ಕು ಚೌಕದಷ್ಟು, ಅಂದರೆ ಸುಮಾರು ಮೂರೂವರೆ ಮಿಲಿಮೀಟರ್, ಬಿಳಿ ಜಾಗ ಬಿಡಿ. ಡಿಸೈನ್ ಮಾಡುವವರು ಚಿನ್ನದ ಬಣ್ಣದ ಅಂಚನ್ನು ಆ ಬಿಳಿ ಜಾಗಕ್ಕೇ ತಂದು ಕೂರಿಸುವುದು ಹೆಚ್ಚು. ಸ್ಕ್ಯಾನ್ ಆಗದಿದ್ದರೆ ಮೊದಲು ಅಲ್ಲೇ ನೋಡಿ.

ಪಟ್ಟಿ ಮಾಡುವಾಗ ನೋಂದಣಿ ಶೀಟ್ ಬಳಸಬೇಡಿ, ಎರಡೂ ದಿನದ ಹಾಜರಿ ಶೀಟ್ ಬಳಸಿ. ಬಾರದವನ ಹೆಸರು ಪಟ್ಟಿಗೆ ಸೇರಿದರೆ ಅವನದು ನಕಲಿ ಎಂದು ಯಾವ ಕ್ಯೂಆರೂ ಹೇಳಲಾರದು. ಎಕ್ಸೆಲ್‌ನಲ್ಲಿ ಹೆಸರಿನ ಕಾಲಂ ಒಂದನ್ನೇ ಸಾರ್ಟ್ ಮಾಡಿದರೆ ಕೋಡುಗಳೆಲ್ಲ ಬೇರೆಯವರ ಪಾಲಾಗುತ್ತವೆ. ಮೇಲ್ ಮರ್ಜ್ ಸರಿಯಾಗದಿದ್ದರೆ 180 ಹಾಳೆಗೂ ಮೊದಲನೆಯವರ ಕ್ಯೂಆರೇ ಬೀಳುತ್ತದೆ. ಹಂಚುವ ಮೊದಲು ಮೊದಲ, ನಡುವಿನ, ಕೊನೆಯ ಹಾಳೆಗಳನ್ನು ಸ್ಕ್ಯಾನ್ ಮಾಡಿ ಹೆಸರು ತಾಳೆ ನೋಡಿದರೆ ಈ ಎರಡೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ.

ಪರಿಶೀಲಿಸುವವರು ಹೆಸರಿಗಿಂತ ಮೊದಲು ನೋಡಬೇಕಾದ್ದು ಬ್ರೌಸರಿನ ವಿಳಾಸ. ಸ್ವಲ್ಪ ಪಳಗಿದ ನಕಲಿಗಾರ ಕ್ಯೂಆರನ್ನೇ ಬದಲಿಸಿ, ತಾನೇ ಮಾಡಿದ ಪುಟಕ್ಕೆ ಒಯ್ಯುತ್ತಾನೆ. ಲೋಗೋ, ಬಣ್ಣ, ಹೆಸರು ಎಲ್ಲ ಸರಿಯಿರುತ್ತದೆ, ಡೊಮೇನ್ ಮಾತ್ರ ಕಾಲೇಜಿನದ್ದಲ್ಲ. ಬೀಗದ ಗುರುತನ್ನು ನಂಬಬೇಡಿ, ಅದು ನಕಲಿ ತಾಣಕ್ಕೂ ಸಿಗುತ್ತದೆ. ಅನುಮಾನ ಬಂದರೆ ಕಾಲೇಜಿನ ಜಾಲತಾಣವನ್ನು ನೀವೇ ತೆರೆದು, ಅಲ್ಲಿನ ಪರಿಶೀಲನಾ ಪುಟದಲ್ಲಿ ಕೋಡ್ ಹಾಕಿ.

ಇದೇ ಕಾರಣಕ್ಕೆ ಸಂಘಟಕರು ಕಿರುಲಿಂಕ್ ಸೇವೆಗಳನ್ನು ಬಳಸಬಾರದು. ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ಮೊದಲು ಕಾಣುವುದು ಸೇವೆಯ ವಿಳಾಸ, ಕಾಲೇಜಿನದ್ದಲ್ಲ. ಉಚಿತ ಅವಧಿ ಮುಗಿದು ಆ ಸೇವೆ ನಿಂತರೆ ಅಸಲಿ ಸರ್ಟಿಫಿಕೇಟುಗಳೂ ತೆರೆಯುವುದಿಲ್ಲ. ಕಾರ್ಯಕ್ರಮಕ್ಕೆಂದೇ ಒಂದು ವರ್ಷಕ್ಕೆ ಕೊಂಡ ಡೊಮೇನ್ ಇನ್ನೂ ಅಪಾಯ: ನವೀಕರಿಸದೆ ಬಿಟ್ಟರೆ ಅದನ್ನು ಬೇರೆಯವರು ಕೊಳ್ಳಬಹುದು, ಆಗ ನೀವು ಹಂಚಿದ 180 ಕ್ಯೂಆರುಗಳಿಗೂ ಉತ್ತರ ಕೊಡುವವರು ಅವರೇ. ಕಾಲೇಜಿನ ಮುಖ್ಯ ಡೊಮೇನಿನ ಅಡಿಯಲ್ಲೇ ಪುಟ ಇಡಿ.